ಬೆಳಿಗ್ಗೆ ಆರಕ್ಕೆ ಎಷ್ಟು ಜನ ಬೇಕು?

ಸಂಜೆ ಆರು ಗಂಟೆಗೆ ಸರಿಯಾಗಿ ಲೇಬರ್ ಕಾಂಟ್ರಾಕ್ಟರ್ ಫೋನ್ ಬರುತ್ತಿತ್ತು. "ಸಾರ್, ನಾಳೆ ಬೆಳಿಗ್ಗೆಗೆ ಎಷ್ಟು ಜನ ಕಳಿಸಲಿ?" ನೆಲಮಂಗಲದ ಆಚೆ, ತುಮಕೂರು ರಸ್ತೆಗೆ ಹತ್ತಿರದ ಒಂದು ಗೋದಾಮಿನಲ್ಲಿ ನಾನು ಪಿಕಿಂಗ್ ಕೆಲಸದ ಲೆಕ್ಕ ನೋಡಿಕೊಳ್ಳುತ್ತಿದ್ದ ದಿನಗಳವು. ಸೋಪು, ಎಣ್ಣೆ, ಬಿಸ್ಕತ್ತು, ಮಸಾಲೆ ಪುಡಿ, ಬಲ್ಬು, ಪೊರಕೆ ಹೀಗೆ ಅಂಗಡಿಗಳಿಗೆ ಬೇಕಾದ ಸಾವಿರಾರು ಬಗೆಯ ಸಾಮಾನು ಅಲ್ಲಿ ರ‍್ಯಾಕುಗಳಲ್ಲಿ ಕೂತಿರುತ್ತಿತ್ತು. ಆರ್ಡರ್ ಬಂದಂತೆ ಅದನ್ನು ರ‍್ಯಾಕಿನಿಂದ ಆರಿಸಿ ತೆಗೆದು ಟ್ರಾಲಿಗೆ ಹಾಕುವುದೇ ಪಿಕಿಂಗ್. ಗುತ್ತಿಗೆದಾರರು ಕೇಳಿದ ಪ್ರಶ್ನೆಗೆ ನಾನು ಹೇಳಿದ ಸಂಖ್ಯೆ ತಪ್ಪಿದರೆ ಎರಡರಲ್ಲಿ ಒಂದಾಗುತ್ತಿತ್ತು. ಹೆಚ್ಚು ಹೇಳಿದ್ದರೆ ದಾಬಸ್‌ಪೇಟೆಯಿಂದ ನಸುಕಿನಲ್ಲೇ ಬಸ್ಸು ಹಿಡಿದು ಬಂದವರು ಕೆಲಸವಿಲ್ಲದೆ ಗೇಟಿನ ಬಳಿ ಕೂರಬೇಕಿತ್ತು. ಕಡಿಮೆ ಹೇಳಿದ್ದರೆ ಒಂಬತ್ತು ಗಂಟೆಗೆ ಹೊರಡಬೇಕಾದ ಲಾರಿ ಅರ್ಧ ಖಾಲಿ ನಿಲ್ಲುತ್ತಿತ್ತು, ಒಳಗಿದ್ದವರು ಚಹಾಕ್ಕೂ ಹೋಗದೆ ಓಡಬೇಕಿತ್ತು.

ಆ ಸಂಖ್ಯೆಯನ್ನು ಅಂದಾಜಿನ ಮೇಲೆ ಹೇಳಬೇಕಾಗಿಲ್ಲ, ಲೆಕ್ಕ ಹಾಕಿಯೇ ಹೇಳಬಹುದು. ಮಾಡಬೇಕಾದ ಸಾಲುಗಳನ್ನು ಗಂಟೆಗೆ ಆಗುವ ಸಾಲುಗಳಿಂದ ಭಾಗಿಸಿದರೆ ಎಷ್ಟು ಆಳು-ಗಂಟೆ ಬೇಕೆಂದು ಸಿಗುತ್ತದೆ. ಭಾಗಾಕಾರ ಮೂರನೇ ತರಗತಿಯದು. ಆದರೆ ಅದರೊಳಗೆ ಹಾಕುವ ಎರಡು ಅಂಕಿಗಳು ಏನೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಮೊದಲು ಸಾಲು ಎಂದರೇನು ನೋಡೋಣ. ತಿಂಗಳ ದಿನಸಿ ಚೀಟಿ ಬರೆಯುತ್ತೇವಲ್ಲ, ತೊಗರಿಬೇಳೆ ಎರಡು ಕಿಲೋ, ಬಟ್ಟೆ ಸೋಪು ಆರು, ಅರಿಶಿನ ಪುಡಿ ಒಂದು ಎಂದು. ಅಲ್ಲಿ ಮೂರು ಸಾಲು. ಆರ್ಡರ್ ಒಂದೇ, ಸಾಮಾನು ಒಂಬತ್ತು, ಸಾಲು ಮಾತ್ರ ಮೂರು. ಗೋದಾಮಿನಲ್ಲಿ ಇದನ್ನೇ ಲೈನ್ ಎನ್ನುತ್ತಾರೆ. ಕೆಲಸವನ್ನು ಆರ್ಡರಿನಲ್ಲಿ ಎಣಿಸಿದರೆ ತಪ್ಪುತ್ತದೆ, ಏಕೆಂದರೆ ಒಂದು ಅಂಗಡಿ ನಾಲ್ಕು ಸಾಲು ಕೇಳುತ್ತದೆ, ಇನ್ನೊಂದು ನಲವತ್ತು. ಸಾಮಾನಿನ ತುಂಡುಗಳಲ್ಲಿ ಎಣಿಸಿದರೂ ತಪ್ಪುತ್ತದೆ. ಸೋಪು ಒಂದು ತೆಗೆದರೂ ಆರು ತೆಗೆದರೂ ಸೋಪಿನ ರ‍್ಯಾಕಿನವರೆಗೆ ನಡೆಯುವುದು ಒಂದೇ ಸಲ. ಟಾಂಪ್ಕಿನ್ಸ್ ಮತ್ತು ಸಂಗಡಿಗರ 'ಫೆಸಿಲಿಟೀಸ್ ಪ್ಲಾನಿಂಗ್' ಎಂಬ ಪಠ್ಯಪುಸ್ತಕ ಪಿಕ್ಕರ್ ಒಬ್ಬರ ಸಮಯವನ್ನು ಹಂಚಿ ತೋರಿಸುತ್ತದೆ. ಅದರ ಪ್ರಕಾರ ಶೇಕಡಾ 50ರಷ್ಟು ಓಡಾಟಕ್ಕೆ, 20ರಷ್ಟು ಹುಡುಕಾಟಕ್ಕೆ ಹೋಗುತ್ತದೆ. ಸಾಮಾನನ್ನು ಕೈಯಿಂದ ತೆಗೆಯುವುದಕ್ಕೆ ಬರುವುದು ಬರೀ 15. ನಡಿಗೆಯೂ ಹುಡುಕಾಟವೂ ಸಾಲಿಗೆ ಅಂಟಿಕೊಂಡ ಕೆಲಸಗಳು. ಅದಕ್ಕೇ ಸಾಲನ್ನು ಎಣಿಸುವುದು.

ಒಂದು ಎಚ್ಚರಿಕೆ ಬೇಕು. ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಎರಡು ಮೂರು ತುಂಡು ಇರುವ ಕಡೆ ಒಂದು ದಿನ ಇದ್ದಕ್ಕಿದ್ದಂತೆ ಇಪ್ಪತ್ತು ಮೂವತ್ತು ತುಂಡಿನ ಸಾಲುಗಳು ಬಂದರೆ ಈ ಲೆಕ್ಕ ಹಿಡಿಯುವುದಿಲ್ಲ. ಅವನ್ನೂ, ಪೂರ್ತಿ ಪೆಟ್ಟಿಗೆಯನ್ನೇ ಎತ್ತಿಕೊಡುವ ಸಾಲುಗಳನ್ನೂ ಬೇರೆಯಾಗಿ ತೆಗೆದು ಎಣಿಸಬೇಕು.

ಇನ್ನು ವೇವ್. ಆರ್ಡರುಗಳನ್ನು ಬಂದ ಬಂದ ಹಾಗೆ ಒಂದೊಂದಾಗಿ ಕೆಲಸಕ್ಕೆ ಬಿಡುವುದಿಲ್ಲ. ಒಂಬತ್ತು ಗಂಟೆಗೆ ಹೊರಡುವ ಲಾರಿಗಳಿಗೆ ಸೇರಿದ್ದನ್ನೆಲ್ಲ ಒಟ್ಟುಮಾಡಿ ಬೆಳಿಗ್ಗೆ ಆರಕ್ಕೆ ಒಂದೇ ಸಲ ಬಿಡುತ್ತಾರೆ. ಮಧ್ಯಾಹ್ನದ ಲಾರಿಗಳದ್ದು ಮುಂದಿನ ಕಂತು. ಹೀಗೆ ಒಂದೊಂದು ಕಂತಿಗೆ ವೇವ್ ಎಂದು ಹೆಸರು. ಪ್ರತಿ ವೇವ್‌ಗೂ ತನ್ನದೇ ಗಡುವು ಇರುವುದರಿಂದ ದಿನದ ಒಟ್ಟು ಸಾಲುಗಳ ಲೆಕ್ಕ ಜನರನ್ನು ಕರೆಯಲು ಉಪಯೋಗಕ್ಕೆ ಬರುವುದಿಲ್ಲ. ಮಧ್ಯಾಹ್ನ ಖಾಲಿ ಕೂತ ಹತ್ತು ಜನ ಬೆಳಗಿನ ಲಾರಿಯನ್ನು ತುಂಬಲಾರರು.

ಒಂದು ಸೋಮವಾರದ ಬೆಳಗಿನ ವೇವ್ ತೆಗೆದುಕೊಳ್ಳೋಣ. ತಿಳಿಯಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಒಟ್ಟು 2,400 ಸಾಲು. ಗೋದಾಮಿನಲ್ಲಿ ಎರಡು ಭಾಗ. ದಿನವೂ ಓಡುವ ಸಾಮಾನು ಮುಂದಿನ ಭಾಗದಲ್ಲಿ, ಒತ್ತೊತ್ತಾಗಿ, ಕೈಗೆ ಎಟಕುವ ಎತ್ತರದಲ್ಲಿದೆ. ಅಪರೂಪಕ್ಕೆ ಕೇಳುವ ಸಾಮಾನು ಹಿಂದಿನ ಭಾಗದಲ್ಲಿ, ಉದ್ದುದ್ದ ಓಣಿಗಳಲ್ಲಿ, ಕೆಲವು ಕಡೆ ಏಣಿ ಹಾಕಿ ತೆಗೆಯುವಂತಿದೆ. ಮುಂದಿನ ಭಾಗದಲ್ಲಿ ಒಬ್ಬರು ಗಂಟೆಗೆ 100 ಸಾಲು ಮುಗಿಸುತ್ತಾರೆ, ಹಿಂದೆ 40. ಸೋಮವಾರದ ಸಾಲುಗಳಲ್ಲಿ 1,800 ಮುಂದಿನವು, 600 ಹಿಂದಿನವು.

ನಾನು ಹೊಸದರಲ್ಲಿ ಮಾಡುತ್ತಿದ್ದ ತಪ್ಪು ಹೀಗಿತ್ತು. ನಾಲ್ಕರಲ್ಲಿ ಮೂರು ಪಾಲು ಸಾಲಿಗೆ ದರ 100, ಒಂದು ಪಾಲಿಗೆ 40, ಆದ್ದರಿಂದ ಸರಾಸರಿ 85 ಎಂದುಕೊಂಡೆ. 2,400ನ್ನು 85ರಿಂದ ಭಾಗಿಸಿದರೆ 28 ಗಂಟೆ ಚಿಲ್ಲರೆ. ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ದರಗಳನ್ನು ಹೀಗೆ ಸರಾಸರಿ ಮಾಡಬಾರದು, ಗಂಟೆಗಳನ್ನು ಕೂಡಬೇಕು. 1,800 ಸಾಲಿಗೆ ಗಂಟೆಗೆ ನೂರರಂತೆ 18 ಗಂಟೆ, 600 ಸಾಲಿಗೆ ಗಂಟೆಗೆ ನಲವತ್ತರಂತೆ 15 ಗಂಟೆ, ಒಟ್ಟು 33. ಸುಮಾರು ಐದು ಆಳು-ಗಂಟೆಗಳು ನನ್ನ ಸರಾಸರಿಯಲ್ಲಿ ಮಾಯವಾಗಿದ್ದವು. ಬೆಟ್ಟ ಹತ್ತುವಾಗ ನಿಧಾನ, ಇಳಿಯುವಾಗ ವೇಗ ಎಂದರೆ ಹೆಚ್ಚು ಹೊತ್ತು ಹೋಗುವುದು ಹತ್ತುವುದಕ್ಕೇ ಅಲ್ಲವೇ? ಇಲ್ಲೂ ಕಾಲು ಭಾಗದ ಸಾಲುಗಳು ಹೆಚ್ಚುಕಡಿಮೆ ಅರ್ಧ ಸಮಯವನ್ನು ತಿನ್ನುತ್ತವೆ.

ಮುಂದಿನ ವಾರ ಅದೇ ವೇವ್‌ಗೆ ಮತ್ತೆ 2,400 ಸಾಲು ಬಂದವು ಎಂದುಕೊಳ್ಳಿ, ಆದರೆ ಈ ಸಲ ಮುಂದೆ 1,200, ಹಿಂದೆ 1,200. ಗೌರಿ-ಗಣೇಶ ಹಬ್ಬದ ಮುಂಚೆ ಹೀಗಾಗುತ್ತದೆ. ವರ್ಷವಿಡೀ ಮೂಲೆಯಲ್ಲಿದ್ದ ದೀಪದ ಬತ್ತಿ, ಕರ್ಪೂರ, ಬಣ್ಣದ ಕಾಗದ ಒಮ್ಮೆಗೇ ಎಲ್ಲ ಅಂಗಡಿಗಳಿಗೂ ಬೇಕು. ಗಂಟೆಗಳು ಈಗ 12 ಮತ್ತು 30, ಅಂದರೆ 42. ಸಾಲುಗಳ ಸಂಖ್ಯೆ ಒಂದೂ ಹೆಚ್ಚಾಗಿಲ್ಲ, ಜನರೂ ಅವರೇ, ಕೆಲಸ ಒಂಬತ್ತು ಗಂಟೆ ಬೆಳೆದಿದೆ. ಹೊರಗಿನಿಂದ ನೋಡುವ ಮ್ಯಾನೇಜರಿಗೆ ಕಾಣುವುದು ಮಾತ್ರ "ಈ ವಾರ ಜನ ನಿಧಾನ ಮಾಡುತ್ತಿದ್ದಾರೆ" ಎಂದು.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದರ ಎಂಬುದು ಪಿಕ್ಕರ್‌ನ ಗುಣವೆಂದು ಎಲ್ಲರೂ ತಿಳಿದಿರುತ್ತಾರೆ. ಅದು ಬಹುಪಾಲು ವೇವ್‌ನ ಗುಣ. ಒಂದೇ ಭಾಗದೊಳಗೂ ಅದು ಹೇಗೆ ಬದಲಾಗುತ್ತದೆ ನೋಡಿ. ಮುಂದಿನ ಭಾಗದ ಗಂಟೆಗೆ 100 ಎಂಬ ದರವೆಂದರೆ ಸಾಲಿಗೆ 36 ಸೆಕೆಂಡ್. ಒಂದು ಸುತ್ತಿನಲ್ಲಿ ಟ್ರಾಲಿಗೆ 60 ಸಾಲು ಹಾಕಿಕೊಂಡು ಹೊರಡುತ್ತಾರೆ. ಟ್ರಾಲಿ ತಂದು, ಡಬ್ಬಗಳಿಗೆ ಆರ್ಡರಿನ ಚೀಟಿ ಅಂಟಿಸಿ, ಸುತ್ತು ಮುಗಿದ ಮೇಲೆ ಪ್ಯಾಕಿಂಗ್ ಮೇಜಿನ ಬಳಿ ಬಿಟ್ಟು ಬರುವುದಕ್ಕೆ 6 ನಿಮಿಷ. ಅದನ್ನು ಅರವತ್ತು ಸಾಲಿಗೆ ಹಂಚಿದರೆ ಸಾಲಿಗೆ 6 ಸೆಕೆಂಡ್. ಓಣಿಗಳಲ್ಲಿ ನಡಿಗೆ 12 ನಿಮಿಷ, ಸಾಲಿಗೆ 12 ಸೆಕೆಂಡ್. ಹುಡುಕಿ, ತೆಗೆದು, ಸ್ಕ್ಯಾನ್ ಮಾಡಿ ಡಬ್ಬಕ್ಕೆ ಹಾಕುವುದು 18 ಸೆಕೆಂಡ್.

ಈಗ ವೇವ್ ಸಣ್ಣದು, ಸುತ್ತಿಗೆ 20 ಸಾಲು ಮಾತ್ರ ಸಿಗುತ್ತವೆ. ಟ್ರಾಲಿಯ 6 ನಿಮಿಷ ಕಡಿಮೆಯಾಗುವುದಿಲ್ಲ, ಸಾಲಿಗೆ 18 ಸೆಕೆಂಡ್ ಬೀಳುತ್ತದೆ. ನಡಿಗೆಯೂ ಮೂರನೇ ಒಂದಕ್ಕೆ ಇಳಿಯುವುದಿಲ್ಲ, ಏಕೆಂದರೆ ಇಪ್ಪತ್ತು ಸಾಮಾನು ಇಡೀ ಭಾಗದಲ್ಲಿ ಚೆದುರಿವೆ. ಹನ್ನೆರಡರ ಬದಲು 8 ನಿಮಿಷ ಎಂದಿಟ್ಟುಕೊಂಡರೂ ಸಾಲಿಗೆ 24 ಸೆಕೆಂಡ್. ಕೈಕೆಲಸ ಅದೇ 18. ಕೂಡಿದರೆ 60 ಸೆಕೆಂಡ್, ಅಂದರೆ ಗಂಟೆಗೆ 60 ಸಾಲು. ನಿನ್ನೆ ನೂರು ಮಾಡಿದವರೇ ಇಂದು ಅದೇ ಕಾಲು, ಅದೇ ಕೈಗಳಿಂದ ಅರವತ್ತು ಮಾಡುತ್ತಾರೆ. ಮಧ್ಯಾಹ್ನದ ಸಣ್ಣ ವೇವ್‌ಗೆ ಬೆಳಗಿನ ದರವನ್ನು ಹಾಕಿದ ಯಾವ ಪ್ಲ್ಯಾನೂ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ವೇವ್‌ಗೆ, ಪ್ರತಿ ಭಾಗಕ್ಕೆ ಅದರದೇ ದರ ಇಟ್ಟುಕೊಳ್ಳಬೇಕು.

ಆ ದರ ಎಲ್ಲಿಂದ ಬರುತ್ತದೆ? ಪಿಕ್ಕರ್ ಕೈಯ ಸ್ಕ್ಯಾನರ್ ಪ್ರತಿ ಸಾಲಿಗೂ ಹೊತ್ತನ್ನು ದಾಖಲಿಸುತ್ತದೆ. ಕಳೆದ ಆರೇಳು ವಾರಗಳ ಅದೇ ವಾರದಿನದ, ಅದೇ ವೇವ್‌ನ ದರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆದು ನಡುವಿನದ್ದನ್ನು ತೆಗೆದುಕೊಂಡರೆ ಸಾಕು. ಎಲ್ಲಕ್ಕಿಂತ ಒಳ್ಳೆಯ ದಿನದ ದರವನ್ನು ಹಿಡಿದು ಪ್ಲ್ಯಾನ್ ಮಾಡುವವರನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದರೆ ಉಳಿದ ಎಲ್ಲ ದಿನವೂ ಜನ ಕಡಿಮೆ ಬೀಳುತ್ತಾರೆ. ಕಡಿಮೆ ಬಿದ್ದ ಗಂಟೆಗಳು ಓವರ್‌ಟೈಮ್ ಆಗಿ ದುಪ್ಪಟ್ಟು ಕೂಲಿಗೆ ಬರುತ್ತವೆ, ಇಲ್ಲವೇ ಯಾರದೋ ಊಟದ ಬಿಡುವಿನಿಂದ ಕಿತ್ತುಕೊಂಡು ಬರುತ್ತವೆ. ಎರಡನೆಯದು ಯಾವ ರಿಪೋರ್ಟಿನಲ್ಲೂ ಕಾಣುವುದಿಲ್ಲ.

ಸೋಮವಾರಕ್ಕೆ ಮರಳೋಣ. 33 ಆಳು-ಗಂಟೆ ಬೇಕು. ಆರರಿಂದ ಒಂಬತ್ತಕ್ಕೆ ಮೂರು ಗಂಟೆ ಇದೆ, 33ನ್ನು 3ರಿಂದ ಭಾಗಿಸಿದರೆ 11 ಜನ ಎನ್ನಬೇಡಿ. ಆರಕ್ಕೆ ಹಾಜರಿ ಹಾಕಿ, ಸ್ಕ್ಯಾನರ್ ತೆಗೆದುಕೊಂಡು, ಸೂಪರ್‌ವೈಸರ್ ಹೇಳುವುದನ್ನು ಕೇಳಿ ಹೊರಡುವಾಗ 10 ನಿಮಿಷ ಕಳೆದಿರುತ್ತದೆ. ಚಹಾಕ್ಕೆ 10 ನಿಮಿಷ. ಕೊನೆಯ ಡಬ್ಬ ಪ್ಯಾಕ್ ಆಗಿ ಲಾರಿಗೆ ಏರಲು ಹೊತ್ತು ಬೇಕಲ್ಲ, ಆದ್ದರಿಂದ ಪಿಕಿಂಗ್ 20 ನಿಮಿಷ ಮುಂಚೆಯೇ ಮುಗಿಯಬೇಕು. ಉಳಿದದ್ದು 140 ನಿಮಿಷ. ಮುಂದಿನ ಭಾಗದ 18 ಗಂಟೆಯನ್ನು ಆ 140 ನಿಮಿಷದಿಂದ ಭಾಗಿಸಿದರೆ 7.7, ಅಂದರೆ 8 ಜನ. ಹಿಂದಿನ ಭಾಗದ 15 ಗಂಟೆಗೆ 6.4, ಅಂದರೆ 7 ಜನ. ಒಟ್ಟು 15. ನನ್ನ ಹಳೆಯ ಸರಾಸರಿಯನ್ನೂ ಪೂರ್ತಿ ಮೂರು ಗಂಟೆಯನ್ನೂ ಹಿಡಿದಿದ್ದರೆ 10 ಜನ ಸಾಕೆನ್ನುತ್ತಿತ್ತು ಲೆಕ್ಕ. ಆ ಹತ್ತು ಜನ ಎಷ್ಟೇ ದುಡಿದರೂ ಗಡುವಿನ ಹೊತ್ತಿಗೆ 700 ಸಾಲು ಉಳಿದಿರುತ್ತಿದ್ದವು.

ಇಲ್ಲಿ ಒಂದು ಸೂಕ್ಷ್ಮವಿದೆ. ದರವನ್ನು ಅಳೆಯುವಾಗ ಚಹಾದ ಹೊತ್ತು, ಹಾಜರಿಯ ಹೊತ್ತು ಸೇರಿಸಿಯೇ ಇಡೀ ಪಾಳಿಗೆ ಭಾಗಿಸಿದ್ದರೆ, ಆ ನಿಮಿಷಗಳು ಆಗಲೇ ದರದೊಳಗೆ ಸೇರಿವೆ. ಮತ್ತೆ ಗಡುವಿನಿಂದ ಕಳೆದರೆ ಎರಡು ಸಲ ಕಳೆದಂತಾಗಿ ಜನ ಹೆಚ್ಚಾಗುತ್ತಾರೆ. ಮೊದಲ ಸ್ಕ್ಯಾನಿನಿಂದ ಕೊನೆಯ ಸ್ಕ್ಯಾನಿಗೆ, ಬಿಡುವು ಬಿಟ್ಟು ಅಳೆದ ದರವಾದರೆ ಮಾತ್ರ ಕಳೆಯಬೇಕು. ಹೇಗೆ ಅಳೆದರೆಂದು ಕೇಳದೆ ಯಾರದೋ ದರವನ್ನು ತಂದು ನಮ್ಮ ಹಾಳೆಯಲ್ಲಿ ಬರೆಯಬಾರದು.

ಹದಿನೈದು ಜನ ಓಣಿಯಲ್ಲಿ ಇರಬೇಕಾದರೆ ಎಷ್ಟು ಜನರನ್ನು ಕರೆಯಬೇಕು? ಹತ್ತರಲ್ಲಿ ಒಬ್ಬರು ಬರದಿರುವುದು ವಾಡಿಕೆಯಾಗಿದ್ದರೆ 17. ಬರುವವರಲ್ಲಿ ಮೂವರು ಹೊಸಬರಾಗಿದ್ದರೆ ಇನ್ನೂ ಸ್ವಲ್ಪ ಯೋಚಿಸಬೇಕು. ಮೊದಲ ವಾರ ಹೊಸಬರಿಗೆ ಓಣಿಯ ಗುರುತೇ ಇರುವುದಿಲ್ಲ, ಅರ್ಧ ದರಕ್ಕೆ ಹಿಡಿಯುವುದು ನ್ಯಾಯ. ಅಂಥವರನ್ನು ಮುಂದಿನ ಭಾಗಕ್ಕೆ ಹಾಕಿದರೆ ಬೇಗ ಕಲಿಯುತ್ತಾರೆ, ಹಿಂದಿನ ಭಾಗದ ಏಣಿಯ ಕೆಲಸ ಹಳಬರಿಗೇ ಇರಲಿ.

ಸಂಜೆ ಆರಕ್ಕೆ ಮಾತ್ರ ನಮಗೆ ಸಾಲುಗಳೇ ಪೂರ್ತಿ ಬಂದಿರುವುದಿಲ್ಲ. ಅಂಗಡಿಯವರು ರಾತ್ರಿ ಬಾಗಿಲು ಹಾಕುವಾಗ ಆರ್ಡರ್ ಕಳಿಸುತ್ತಾರೆ. ನಾವು ಹಳೆಯ ಸೋಮವಾರಗಳ ವೇವ್‌ಗಳನ್ನು ತಿರುವಿಹಾಕಿ ನೋಡಿದಾಗ, ಸಂಜೆ ಆರರ ಹೊತ್ತಿಗೆ ಕೊನೆಯ ಮೊತ್ತದ ಶೇಕಡಾ 60ರಿಂದ 65ರಷ್ಟು ಬಂದಿರುತ್ತಿತ್ತು. ಕೈಯಲ್ಲಿ 1,500 ಸಾಲು ಇದ್ದರೆ ಕೊನೆಗೆ 2,300ರಿಂದ 2,500 ಆಗಬಹುದು ಎಂದರ್ಥ. ವಾರದ ಬೇರೆ ದಿನದ ಪಾಲನ್ನು ಹಾಕಿದರೆ ತಪ್ಪುತ್ತದೆ, ತಿಂಗಳ ಮೊದಲ ವಾರದ ಪಾಲೇ ಬೇರೆ.

ಲೆಕ್ಕ ತಪ್ಪಿದ ಬೆಳಿಗ್ಗೆ ಏನಾಗುತ್ತದೆಂದು ಹೇಳಬೇಕು. ಎಂಟು ಗಂಟೆಗೆ ಸೂಪರ್‌ವೈಸರ್‌ಗೆ ಉಳಿದ ಸಾಲು ಕಂಡು ಗಾಬರಿಯಾಗುತ್ತದೆ. ಪ್ಯಾಕಿಂಗಿನಿಂದ ಐದಾರು ಜನರನ್ನು ಎಳೆದು ಓಣಿಗೆ ಬಿಡುತ್ತಾರೆ. ಹಿಂದಿನ ಭಾಗದ ಓಣಿಯಲ್ಲಿ ಎರಡು ಟ್ರಾಲಿ ಎದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕು. ಜನ ಹೆಚ್ಚಾದಷ್ಟೂ ನಿಲ್ಲುವುದು ಹೆಚ್ಚಾಗಿ ಎಲ್ಲರ ದರವೂ ಇಳಿಯುತ್ತದೆ. ಇತ್ತ ಪ್ಯಾಕಿಂಗ್ ಮೇಜಿನ ಮುಂದೆ ತುಂಬಿದ ಡಬ್ಬಗಳು ಗುಡ್ಡೆ ಬೀಳುತ್ತವೆ. ಆರಕ್ಕೇ ಬಂದಿದ್ದರೆ ಮೂವರು ಮಾಡುತ್ತಿದ್ದ ಕೆಲಸವನ್ನು ಎಂಟಕ್ಕೆ ಬಂದ ಆರು ಜನಕ್ಕೂ ಮಾಡಲಾಗುವುದಿಲ್ಲ.

ವೇವ್ ಮುಗಿದ ಮೇಲೆ ನಾನು ಕಲಿತ ಒಂದು ಅಭ್ಯಾಸವೇ ಉಳಿದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು. ಆ ಸೋಮವಾರ 33 ಗಂಟೆ ಎಂದುಕೊಂಡ ಕೆಲಸ 39 ಗಂಟೆ ತೆಗೆದುಕೊಂಡಿತು. ಆರು ಗಂಟೆ ಎಲ್ಲಿ ಹೋಯಿತು? ಮೊದಲು ನಿಜವಾಗಿ ಬಂದ ಸಾಲುಗಳನ್ನು ಪ್ಲ್ಯಾನಿನ ದರದಲ್ಲೇ ಮತ್ತೆ ಲೆಕ್ಕ ಹಾಕಿದೆ. ಬಂದದ್ದು 2,400 ಅಲ್ಲ, 2,600. ಮುಂದೆ 1,900, ಹಿಂದೆ 700. ಗಂಟೆಗಳು 19 ಮತ್ತು 17.5, ಒಟ್ಟು 36.5. ಹಾಗಾದರೆ ಆರರಲ್ಲಿ ಮೂರೂವರೆ ಗಂಟೆ ನನ್ನ ಅಂದಾಜಿನ ತಪ್ಪು, ಜನರಿಗೂ ಅದಕ್ಕೂ ಸಂಬಂಧವಿಲ್ಲ. ಉಳಿದ ಎರಡೂವರೆ ಗಂಟೆ ಮಾತ್ರ ದರ ಇಳಿದದ್ದರಿಂದ. ಭಾಗವಾರು ನೋಡಿದರೆ ಮುಂದಿನವರು ಸರಿಯಾಗಿ 19 ಗಂಟೆಗೆ ಮುಗಿಸಿದ್ದರು. ಹಿಂದಿನ ಭಾಗಕ್ಕೆ 17.5ರ ಬದಲು 20 ಗಂಟೆ ಹಿಡಿದಿತ್ತು, ದರ 40ರಿಂದ 35ಕ್ಕೆ ಬಂದಿತ್ತು.

ಇಷ್ಟಾದ ಮೇಲೆ ಹಾಳೆ ಬಿಟ್ಟು ಓಣಿಗೆ ಹೋಗಬೇಕು. ಒಬ್ಬರದ್ದೇ ದರ ಇಳಿದಿದ್ದರೆ ಅವರ ಸ್ಕ್ಯಾನರ್, ಟ್ರಾಲಿಯ ಚಕ್ರ, ಮೈ ಹುಷಾರಿದೆಯೇ ಎಂದು ವಿಚಾರಿಸಬೇಕು. ಒಂದು ಓಣಿಗೆ ಹೋದವರೆಲ್ಲರದ್ದೂ ಇಳಿದಿದ್ದರೆ ತೊಂದರೆ ಓಣಿಯದು. ಸ್ಕ್ಯಾನ್ ಹೊತ್ತುಗಳಲ್ಲಿ ಹದಿನಾಲ್ಕು ಮತ್ತು ಹದಿನೈದನೇ ಓಣಿಯಲ್ಲಿ ಎಲ್ಲರಿಗೂ ಮೂರು ನಾಲ್ಕು ನಿಮಿಷದ ಅಂತರಗಳಿದ್ದವು. ಅಲ್ಲಿ ಹಿರಿಯ ಪಿಕ್ಕರ್ ಒಬ್ಬರಿದ್ದರು, ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದವರು. "ಅಕ್ಕ, ಬೆಳಿಗ್ಗೆ ಇಲ್ಲಿ ಯಾಕೆ ನಿಂತುಬಿಟ್ರಿ ಎಲ್ರೂ?" ಎಂದು ಕೇಳಿದೆ.

"ನಿಂತಿದ್ದಲ್ಲ ಸಾರ್, ಕಾಯ್ತಾ ಇದ್ವಿ" ಎಂದರು. "ಬಿನ್ ಖಾಲಿ. ಸ್ಕ್ಯಾನರ್ ಹತ್ತು ಇದೆ ಅನ್ನತ್ತೆ, ನೋಡಿದ್ರೆ ಎರಡಿದೆ. ಮೇಲಿಂದ ಇಳಿಸ್ಕೊಡೋ ಹುಡುಗ ಏಳೂವರೆಗೆ ಬಂದ."

ಮೇಲಿನ ರ‍್ಯಾಕಿನಲ್ಲಿ ಪೆಟ್ಟಿಗೆಗಟ್ಟಲೆ ಇದ್ದ ಸಾಮಾನನ್ನು ಕೆಳಗಿನ ಬಿನ್‌ಗೆ ತುಂಬುವ ಕೆಲಸ ವೇವ್‌ಗೆ ಮುಂಚೆ ಆಗಬೇಕಿತ್ತು, ಆಗಿರಲಿಲ್ಲ. ಆ ಕೆಲಸವನ್ನು ಹಿಂದಿನ ರಾತ್ರಿ ಪಾಳಿಗೆ ಬದಲಾಯಿಸಿದೆವು. ರಾತ್ರಿ ಹತ್ತಕ್ಕೆ ಆರ್ಡರ್ ಮುಚ್ಚಿದ ಮೇಲೆ ಮರುದಿನದ ವೇವ್ ಕೇಳುವ ತುಂಡುಗಳನ್ನು ಬಿನ್‌ಗಳಲ್ಲಿರುವುದರ ಜೊತೆ ಹೋಲಿಸಿ, ಕಡಿಮೆ ಬೀಳುವ ಬಿನ್‌ಗಳ ಪಟ್ಟಿ ತೆಗೆದು ತುಂಬಿಸಲು ಇಬ್ಬರನ್ನು ಇಟ್ಟೆವು. ಎರಡು ವಾರದಲ್ಲಿ ಹಿಂದಿನ ಭಾಗದ ದರ ಮತ್ತೆ 40ಕ್ಕೆ ಬಂತು. ಅಕ್ಕನಿಗೂ ಅವರ ಜೊತೆಯವರಿಗೂ ಯಾರೂ ಬೇಗ ಬೇಗ ಮಾಡಿ ಎಂದು ಹೇಳಿರಲಿಲ್ಲ.

ಅದಾದ ಮೇಲಿನ ಭಾನುವಾರ ಸಂಜೆ ಫೋನ್ ಬಂದಾಗ ಕೈಯಲ್ಲಿ 1,500 ಸಾಲು ಇದ್ದವು, ಅದರಲ್ಲಿ ಕಾಲು ಭಾಗ ಹಿಂದಿನವು. "ಹದಿನೇಳು ಜನ ಕಳಿಸಿ" ಎಂದೆ, "ಏಣಿ ಹತ್ತಿ ಅಭ್ಯಾಸ ಇರೋರು ಏಳು ಜನ ಇರ್ಲಿ."